ತಳ್ಳುಗಾಡಿ ಮೇಲೆ ಆನೆ ನಿಲ್ಲಿಸಬೇಡಿ, ನೀರಿಗಿಳಿಸಿ

ಪ್ರಶ್ನೆ: ನಾನು ಶಾಲೆಯಲ್ಲಿ ಕರಕುಶಲ ಹೇಳಿಕೊಡುವ ಮೇಷ್ಟ್ರು. ಹಬ್ಬದ ಮೆರವಣಿಗೆಗೆ ನಮ್ಮ ಶಾಲೆಯಿಂದ ಒಂದು ಸ್ತಬ್ಧಚಿತ್ರ ಮಾಡಬೇಕು. ಲಾರಿ, ಟ್ರ್ಯಾಕ್ಟರ್ ಯಾವುದೂ ಇಲ್ಲ, ಇರೋದು ನಾಲ್ಕು ಗಾಲಿಯ ಒಂದು ತಳ್ಳುಗಾಡಿ. ಹಲಗೆ 6 ಅಡಿ ಉದ್ದ, ಮೂರೂವರೆ ಅಡಿ ಅಗಲ, ನೆಲದಿಂದ ಎರಡೂವರೆ ಅಡಿ ಎತ್ತರ. ಮಕ್ಕಳಿಗೆ ಆನೆ ಬೇಕಂತೆ, ನೆಲದಿಂದ 9 ಅಡಿ ಬರಲಿ ಅಂತ ಆಸೆ. ಹೋದ ವರ್ಷ ಪ್ಲೈವುಡ್‌ನಲ್ಲಿ ಕೋಟೆ ಮಾಡಿದ್ದೆವು, ತಳ್ಳೋಕೇ ಆಗಲಿಲ್ಲ, ತಿರುವಿನಲ್ಲಿ ವಾಲಿ ಮಕ್ಕಳೆಲ್ಲ ಹಿಡಿದುಕೊಂಡೇ ಬರಬೇಕಾಯಿತು. ಈ ಸಲ ಹಗುರವಾಗಿ ಮಾಡೋದು ಹೇಗೆ? ದಾರಿ 2 ಕಿಲೋಮೀಟರ್ ಇದೆ.

ಉತ್ತರ:

ಮೇಷ್ಟ್ರೇ, ಆನೆ ಆಗುತ್ತೆ. 9 ಅಡಿ ಆಗಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಉಳಿದ ಮಾತೆಲ್ಲ ಅದರ ಮೇಲೇ ನಿಂತಿದೆ.

ಹೋದ ವರ್ಷದ ಅನುಭವದಿಂದ ನಿಮಗೆ ತೂಕದ ಭಯ ಬಂದಿದೆ, ಸರಿಯೇ. 8 ಅಡಿ ಉದ್ದ 4 ಅಡಿ ಅಗಲದ 12 ಎಂಎಂ ಪ್ಲೈವುಡ್ ಒಂದೇ ಹಾಳೆ 20 ಕೆಜಿ ದಾಟುತ್ತದೆ. ಕೋಟೆಗೆ ಅಂಥ ಮೂರು ನಾಲ್ಕು ಹಾಳೆ ಹೋಗಿರುತ್ತೆ, ಅದೂ ಎತ್ತರದಲ್ಲಿ. ವಾಲದೆ ಇನ್ನೇನು. ಆದರೆ ಹಗುರ ಮಾಡಿದ ತಕ್ಷಣ ಇನ್ನೊಂದು ತೊಂದರೆ ಶುರುವಾಗುತ್ತೆ, ಅದು ಗಾಳಿ. ಭಾರದ ಸ್ತಬ್ಧಚಿತ್ರ ತಿರುವಿನಲ್ಲಿ ವಾಲುತ್ತೆ, ಹಗುರದ್ದು ಗಾಳಿಗೆ ಮಗುಚುತ್ತೆ. ಬಟ್ಟೆ ಹೊದಿಸಿದ ಆನೆ ಅಂದ್ರೆ ಪಕ್ಕದಿಂದ ನೋಡಿದಾಗ ಒಂದು ದೊಡ್ಡ ಹಾಯಿಯೇ. ತಳ್ಳುವವರಿಗೆ ಸುಲಭವಾಯಿತು ಅಂತ ಖುಷಿಪಡುವ ಹೊತ್ತಿಗೆ ಎರಡು ಕಟ್ಟಡದ ಸಂದಿಯಿಂದ ಒಂದು ಬೀಸು ಬಂದರೆ ಸಾಕು.

ಒಂದು ಸಣ್ಣ ಲೆಕ್ಕ ಹಾಕೋಣ, ಮಕ್ಕಳ ಕೈಲೂ ಮಾಡಿಸಬಹುದು. ನಿಮ್ಮ ಗಾಡಿಯ ಎಡಗಾಲಿಯಿಂದ ಬಲಗಾಲಿಗೆ 3 ಅಡಿ ಅಂತ ಇಟ್ಟುಕೊಳ್ಳಿ. ಗಾಡಿ 50 ಕೆಜಿ, ಮೇಲಿನ ಆನೆ 25 ಕೆಜಿ, ಒಟ್ಟು 75. ಗಾಡಿ ಮಗುಚಬೇಕಾದರೆ ಈ 75 ಕೆಜಿಯನ್ನು ಒಂದು ಬದಿಯ ಗಾಲಿಗಳ ಮೇಲೆ ಎತ್ತಿ ಹಾಕಬೇಕು. ಅಂದರೆ ತೂಕ ತಡೆಯುವುದು ಮೂರರ ಅರ್ಧ, ಒಂದೂವರೆ ಅಡಿ ದೂರದಿಂದ. ಗಾಳಿ ತಳ್ಳುವುದು ಆಕೃತಿಯ ನಡುಮಟ್ಟದಲ್ಲಿ. 9 ಅಡಿಯ ಆನೆಗೆ ಆ ನಡುಮಟ್ಟ ನೆಲದಿಂದ ಸುಮಾರು 5.7 ಅಡಿ ಎತ್ತರಕ್ಕೆ ಬರುತ್ತೆ. 75ನ್ನು 1.5ರಿಂದ ಗುಣಿಸಿ 5.7ರಿಂದ ಭಾಗಿಸಿದರೆ ಸುಮಾರು 20. ಅಲ್ಲಿಗೆ 20 ಕೆಜಿ ಬಲದಲ್ಲಿ ಪಕ್ಕಕ್ಕೆ ತಳ್ಳಿದರೆ ಆ ಬದಿಯ ಗಾಲಿ ಮೇಲೇಳುತ್ತೆ. ಅಂಥ ಆನೆಯ ಪಕ್ಕ 32 ಚದರಡಿ ಇದ್ದರೆ, ಗಂಟೆಗೆ 30 ಕಿಲೋಮೀಟರ್ ಗಾಳಿಯೇ 15 ಕೆಜಿ ಬಲ ಹಾಕುತ್ತೆ. 35ರ ಹತ್ತಿರ ಬಂದರೆ ಗಾಡಿ ಮಗುಚುತ್ತೆ. ಇದು ಬಿರುಗಾಳಿ ಏನಲ್ಲ, ಮಳೆ ಬರುವ ಮುಂಚೆ ಬೀಸುವ ಸಾಮಾನ್ಯ ಗಾಳಿ ಅಷ್ಟೇ. ಇನ್ನೊಂದು ವಿಷಯ, ಗಾಳಿಯ ವೇಗ ಎರಡು ಪಟ್ಟಾದರೆ ಅದರ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅದಕ್ಕೇ ಒಂದು ಗಂಟೆ ಏನೂ ಆಗದೆ ಬಂದ ಗಾಡಿ ಒಂದೇ ಬೀಸಿಗೆ ಉರುಳೋದು.

ಹಾಗಾದರೆ ಏನು ಮಾಡೋದು? ಆನೆಯ ಕಾಲು ತೆಗೆದುಬಿಡಿ.

ತಮಾಷೆ ಅಲ್ಲ. ಆನೆಯನ್ನು ನಿಲ್ಲಿಸಬೇಡಿ, ನೀರಲ್ಲಿ ಕೂರಿಸಿ. ಹೊಳೆಯಲ್ಲಿ ಮೀಯುತ್ತಿರುವ ಆನೆ. ಹಲಗೆ ಮೇಲೆಲ್ಲ ನೀಲಿ ಬಟ್ಟೆಯ ಅಲೆ, ಅದರೊಳಗಿಂದ ಬೆನ್ನು, ತಲೆ, ಕಿವಿ, ಮೇಲಕ್ಕೆತ್ತಿದ ಸೊಂಡಿಲು. ಒಂದೇ ಏಟಿಗೆ ಎರಡು ಅಡಿ ಎತ್ತರ ಕಮ್ಮಿಯಾಯಿತು. ನೋಡುವವರಿಗೆ ಆನೆ ಚಿಕ್ಕದಾಯಿತು ಅಂತ ಅನಿಸುವುದೂ ಇಲ್ಲ, ಉಳಿದ ಭಾಗ ನೀರೊಳಗಿದೆ ಅಂತ ಅವರೇ ಅಂದುಕೊಳ್ಳುತ್ತಾರೆ. ನಿಂತ ಆನೆಗಿಂತ ಇದರಲ್ಲಿ ಜೀವ ಜಾಸ್ತಿ ಅಂತ ನನ್ನ ಅಭಿಪ್ರಾಯ. ನಾಲ್ಕು ಕಾಲಿನ ಮೇಲೆ ನೆಟ್ಟಗೆ ನಿಂತ ಬಿದಿರಿನ ಆನೆ ಎಷ್ಟು ಚೆನ್ನಾಗಿ ಮಾಡಿದರೂ ಮೇಜಿನ ಹಾಗೇ ಕಾಣುತ್ತೆ.

ಈಗ ಅದೇ ಲೆಕ್ಕ ಮತ್ತೆ ಹಾಕಿ. ಬೆನ್ನು ಹಲಗೆಯಿಂದ 3 ಅಡಿ, ತಲೆಯ ತುದಿ ನಾಲ್ಕೂವರೆ ಅಡಿ. ನೆಲದಿಂದ ಒಟ್ಟು 7 ಅಡಿ. ಪಕ್ಕದ ವಿಸ್ತಾರ ಸುಮಾರು 18 ಚದರಡಿ, ಗಾಳಿಯ ನಡುಮಟ್ಟ ನಾಲ್ಕೂವರೆ ಅಡಿಗೆ ಇಳಿಯುತ್ತೆ. ಅದೇ 75 ಕೆಜಿಗೆ ಈಗ 25 ಕೆಜಿ ಬಲ ತಡೆಯುವ ಶಕ್ತಿ ಬಂತು, 30 ಕಿಲೋಮೀಟರ್ ಗಾಳಿ ಹಾಕುವ ಬಲ ಮಾತ್ರ ಎಂಟೂವರೆ ಕೆಜಿಗೆ ಇಳಿಯಿತು. ಮಗುಚುವ ಗಾಳಿಯ ವೇಗ 35ರ ಆಸುಪಾಸಿನಿಂದ 50ಕ್ಕೆ ಹೋಯಿತು. ಒಂದು ಕೆಜಿ ಭಾರವನ್ನೂ ಸೇರಿಸಿಲ್ಲ ನೋಡಿ. ಇನ್ನು ಕೆಳಗಡೆ 40 ಕೆಜಿ ಭಾರ ಕಟ್ಟಿದರೆ 60 ದಾಟುತ್ತೆ. ಈ ಲೆಕ್ಕ ಸಮತಟ್ಟಾದ ರಸ್ತೆಗೆ. ಒಂದು ಗಾಲಿ ಗುಂಡಿಗಿಳಿದಾಗ ಗಾಡಿ ಆಗಲೇ ಸ್ವಲ್ಪ ವಾಲಿರುತ್ತೆ, ಹಾಗಾಗಿ ಬಂದ ಉತ್ತರವನ್ನು ಪೂರ್ತಿ ನಂಬಿಕೊಂಡು ಹೊರಡಬೇಡಿ.

ಇನ್ನು ಕಟ್ಟುವ ಕೆಲಸ. ಗಾಡಿ ಎರವಲು ತಂದಿದ್ದಾದರೆ ಅದಕ್ಕೆ ಒಂದು ಮೊಳೆಯನ್ನೂ ಹೊಡೆಯಬೇಡಿ, ಸ್ವಂತದ್ದಾದರೂ ಬೇಡ. 2 ಇಂಚು 1 ಇಂಚಿನ ರೀಪರ್‌ನಲ್ಲಿ ಹಲಗೆಯಷ್ಟೇ ಉದ್ದಗಲದ ಒಂದು ಚೌಕಟ್ಟು ಮಾಡಿ, ನಡುವೆ ಎರಡು ಅಡ್ಡಪಟ್ಟಿ ಕೊಡಿ. ಇದೇ ಆನೆಯ ತಳಪಾಯ. ಆನೆಯನ್ನು ಪೂರ್ತಿ ಇದರ ಮೇಲೆ ಕಟ್ಟಿ, ಕೊನೆಗೆ ಚೌಕಟ್ಟನ್ನು ಹಲಗೆಯ ಮೇಲಿಟ್ಟು, ಹಲಗೆಯ ಕೆಳಗಿನ ಮರದ ತೊಲೆಗಳಿಗೆ ಸೇರಿಸಿ ಆರು ಕಡೆ ಹಗ್ಗ ಬಿಗಿಯಬೇಕು. ಹಲಗೆಗೆ ಮಾತ್ರ ಕಟ್ಟಿದರೆ ಹಲಗೆಯೇ ಕಿತ್ತುಕೊಂಡು ಬರಬಹುದು. ಹಗ್ಗವನ್ನು ಒಂದು ಸುತ್ತು ಹಾಕಿ ಗಂಟು ಬಿಗಿದರೆ ಸಾಲದು. ನಾಲ್ಕು ಸುತ್ತು ಹಾಕಿ, ಆಮೇಲೆ ಆ ಸುತ್ತುಗಳ ನಡುವೆಯೇ ಹಗ್ಗವನ್ನು ಅಡ್ಡ ತೂರಿಸಿ ಎರಡು ಸಲ ಹಿಂಡಬೇಕು. ಆಗ ಬಿಗಿ ನಿಲ್ಲುತ್ತೆ.

ಚೌಕಟ್ಟಿನಿಂದ ಮೇಲೇಳುವುದು ನಾಲ್ಕು ಬಿದಿರು ಗಳ, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದವು. ಎರಡು ಭುಜದ ಹತ್ತಿರ, ಎರಡು ಹಿಂಬದಿಯಲ್ಲಿ. ಇವು ಬೆನ್ನಿನವರೆಗೆ ಮಾತ್ರ ಬರಲಿ. ಈಗ ತುಂಬಾ ಜನ ಬಿಟ್ಟುಬಿಡುವ ಕೆಲಸ ಒಂದಿದೆ, ಓರೆಪಟ್ಟಿ. ನಾಲ್ಕು ಕಂಬ ನಿಲ್ಲಿಸಿ ಮೇಲೆ ಅಡ್ಡ ಕಟ್ಟಿದರೆ ಅದು ಎಷ್ಟೇ ಬಿಗಿಯಾಗಿದ್ದರೂ ಪಕ್ಕಕ್ಕೆ ಜಗ್ಗುತ್ತೆ. ಆ ಚೌಕದ ಒಂದು ಮೂಲೆಯಿಂದ ಎದುರು ಮೂಲೆಗೆ ಒಂದು ದಬ್ಬೆ ಕಟ್ಟಿದರೆ ಅಲ್ಲಿಗೆ ಜಗ್ಗುವುದು ನಿಂತಿತು. ನಾಲ್ಕು ಪಕ್ಕಕ್ಕೂ ಒಂದೊಂದು, ಮೇಲ್ಗಡೆ ಇನ್ನೊಂದು. ಎಲ್ಲವೂ ಆನೆಯ ಹೊಟ್ಟೆಯೊಳಗೆ ಮುಚ್ಚಿಹೋಗುತ್ತವೆ, ಯಾರಿಗೂ ಕಾಣಲ್ಲ. ಕಾಲಿಲ್ಲದ ಆನೆಯ ಇನ್ನೊಂದು ಲಾಭ ಇದು. ನಿಂತ ಆನೆಯಾದರೆ ಕಾಲಿನ ಸಂದಿಯಲ್ಲಿ ಈ ಪಟ್ಟಿಗಳು ಕಾಣುತ್ತವೆ ಅಂತ ಯಾರೋ ಒಬ್ಬರು ಕಿತ್ತು ಹಾಕಿಯೇ ಹಾಕುತ್ತಾರೆ.

ಓರೆಪಟ್ಟಿ ಸಾಕಾಗಿದೆಯಾ ಅಂತ ತಿಳಿಯೋದು ಸುಲಭ. ಕಂಬದ ತುದಿಗೆ ಕೈ ಹಾಕಿ ಪಕ್ಕಕ್ಕೆ ಅಲ್ಲಾಡಿಸಿ ಬಿಟ್ಟುಬಿಡಿ. ಒಂದು ಸಲ ನಡುಗಿ ನಿಂತರೆ ಸರಿ. ನಾಲ್ಕು ಬೆರಳಗಲ ಆಚೆ ಈಚೆ ತೂಗುತ್ತಾ ಇದ್ದರೆ ಎಲ್ಲೋ ಒಂದು ಪಟ್ಟಿ ಇಲ್ಲ, ಇಲ್ಲವೇ ಕಟ್ಟು ಸಡಿಲವಾಗಿದೆ. ಕಿರ್ರ್ ಅಂತ ಸದ್ದು ಬರುವ ಜಾಗಕ್ಕೆ ಕಿವಿ ಕೊಡಿ, ಸಡಿಲವಾದ ಕಟ್ಟು ಅಲ್ಲೇ ಇರುತ್ತೆ.

ಮೈಯ ಆಕಾರಕ್ಕೆ ಬಿದಿರಿನ ದಬ್ಬೆ. ಒಂದು ಇಂಚು ಅಗಲ, ಕಾಲಿಂಚು ದಪ್ಪಕ್ಕೆ ಸೀಳಿಸಿ. ಅಂಥದ್ದು ಒಂದು ಮೀಟರಿಗೆ 100 ಗ್ರಾಮಿನ ಆಸುಪಾಸು ತೂಗುತ್ತೆ, ಇಡೀ ಆನೆಗೆ 60 ಮೀಟರ್ ಹೋದರೂ 6 ಕೆಜಿ ಚಿಲ್ಲರೆ ಅಷ್ಟೇ. ಒಂದು ರಾತ್ರಿ ನೀರಲ್ಲಿ ನೆನೆಸಿ. ಹಸಿ ಬಿದಿರಾದರೆ ನೆನೆಸದೆಯೂ ಬಾಗುತ್ತೆ. ಬಾಗಿಸುವಾಗ ಹಸಿರು ಸಿಪ್ಪೆಯ ಮೈ ಹೊರಗಡೆ ಇರಲಿ, ಒಳಗಾದರೆ ಸಿಬಿರು ಎದ್ದು ಮುರಿಯುತ್ತೆ. ಗೆಣ್ಣು ಇರುವ ಜಾಗದಲ್ಲಿ ಬಾಗಿಸಬೇಡಿ, ಎರಡು ಗೆಣ್ಣಿನ ನಡುವೆ ಬಾಗು ಬರುವ ಹಾಗೆ ದಬ್ಬೆಯನ್ನು ಸರಿಸಿಕೊಳ್ಳಿ. ಒಮ್ಮೆಗೇ ಬಗ್ಗಿಸಲು ಹೋಗದೆ ಮೊಣಕಾಲಿಗೆ ಆನಿಸಿ ಒಂದೊಂದು ಗೇಣು ಸರಿಸುತ್ತಾ ಬಂದರೆ ಮಕ್ಕಳ ಕೈಲೂ ಒಳ್ಳೆ ಕಮಾನು ಬರುತ್ತೆ. ಸೀಳಿದ ಅಂಚು ಬ್ಲೇಡಿನಷ್ಟು ಚೂಪು, ಮರಳು ಕಾಗದದಲ್ಲಿ ಒಮ್ಮೆ ಉಜ್ಜಿದ ಮೇಲೇ ಮಕ್ಕಳ ಕೈಗೆ ಕೊಡಿ.

ಎದೆಗೆ ಒಂದು, ಹೊಟ್ಟೆಗೆ ಎರಡು, ಹಿಂಬದಿಗೆ ಒಂದು, ಹೀಗೆ ನಾಲ್ಕು ದೊಡ್ಡ ಕಮಾನು ಮಾಡಿ. ಹೊಟ್ಟೆಯದು 3 ಅಡಿ ಅಗಲ, ಉಳಿದವು ಅದಕ್ಕಿಂತ ಕಿರಿದು. ಪ್ರತಿ ಕಮಾನಿನ ಎರಡು ತುದಿಯೂ ಚೌಕಟ್ಟಿಗೆ ಕಟ್ಟಬೇಕು, ನಡುಭಾಗ ಕಂಬದ ಮೇಲಿನ ಅಡ್ಡಗಳಕ್ಕೆ. ಆಮೇಲೆ ಕಮಾನುಗಳ ಮೇಲೆ ಉದ್ದಕ್ಕೆ ದಬ್ಬೆ ಓಡಿಸಿ, ಗೇಣಿಗೊಂದರಂತೆ. ಇದಕ್ಕಿಂತ ದೂರ ಬಿಟ್ಟರೆ ಮೇಲೆ ಬಟ್ಟೆ ಒಣಗಿ ಬಿಗಿದಾಗ ನಡುವೆ ಗುಳಿ ಬಿದ್ದು, ಆನೆ ಬರಗಾಲದಲ್ಲಿ ಬಡಕಲಾದ ಎತ್ತಿನ ಹಾಗೆ ಪಕ್ಕೆಲುಬು ಬಿಟ್ಟುಕೊಂಡು ನಿಲ್ಲುತ್ತೆ.

ದಬ್ಬೆ ದಬ್ಬೆ ಸೇರುವ ಕಡೆ ಏನಲ್ಲಿ ಕಟ್ಟೋದು ಅಂತ ಎಲ್ಲರೂ ಕೇಳುತ್ತಾರೆ. ಬೈಂಡಿಂಗ್ ವೈರ್ ಗಟ್ಟಿಯೇ, ಆದರೆ ಅದರ ತುದಿ ಬಟ್ಟೆಯನ್ನೂ ಕೈಯನ್ನೂ ಹರಿಯುತ್ತೆ, ಗಾಡಿ ಕುಲುಕಾಡಿದ ಹಾಗೆಲ್ಲ ಸಡಿಲವಾಗುತ್ತೆ. ಸೆಣಬಿನ ಹುರಿ ಚೆನ್ನಾಗಿ ಕೂರುತ್ತೆ. ನನಗೆ ಎಲ್ಲಕ್ಕಿಂತ ಇಷ್ಟ ಹಳೇ ಸೈಕಲ್ ಟ್ಯೂಬು. ಟ್ಯೂಬನ್ನು ಉದ್ದಕ್ಕೆ ಅರ್ಧ ಇಂಚಿನ ಪಟ್ಟಿಯಾಗಿ ಕತ್ತರಿಸಿ. ಎರಡು ದಬ್ಬೆ ಅಡ್ಡ ಸೇರಿದ ಕಡೆ ಪಟ್ಟಿಯ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಪಟ್ಟಿಯನ್ನು ಎರಡರಷ್ಟು ಉದ್ದಕ್ಕೆ ಎಳೆಯುತ್ತಲೇ ಓರೆಗೆ ಮೂರು ಸುತ್ತು, ಎದುರು ಓರೆಗೆ ಮೂರು ಸುತ್ತು ಹಾಕಿ. ಕೊನೆಯ ಸುತ್ತನ್ನು ಬೆರಳಿಂದ ಸ್ವಲ್ಪ ಎತ್ತಿ ತುದಿಯನ್ನು ಅದರಡಿ ತೂರಿಸಿ ಬಿಟ್ಟರೆ ಆಯಿತು, ಗಂಟೇ ಬೇಡ. ರಬ್ಬರು ತಾನೇ ಕಚ್ಚಿಕೊಂಡು ಕೂರುತ್ತೆ. ಕುಲುಕಿದರೆ ಕೊಂಚ ಹಿಗ್ಗಿ ಮತ್ತೆ ಅದೇ ಜಾಗಕ್ಕೆ ಬರುತ್ತೆ. ಆಕಾರ ಸರಿಯಾಗಲಿಲ್ಲ ಅಂದ್ರೆ ಬಿಚ್ಚಿ ಸರಿಸುವುದೂ ಸುಲಭ. ಆದರೆ ಕಂಬ, ಓರೆಪಟ್ಟಿ, ತಳಪಾಯಕ್ಕೆ ರಬ್ಬರು ಬೇಡ. ಅಲ್ಲಿ ಹಿಗ್ಗಲೇಬಾರದು, ಹುರಿಯೇ ಸರಿ.

ಹೊದಿಕೆಗೆ ಥರ್ಮಾಕೋಲ್ ಅಂತ ನಿಮ್ಮ ತಲೆಯಲ್ಲಿ ಇದ್ದರೆ ಬಿಟ್ಟುಬಿಡಿ. ಹಗುರ ನಿಜ, ಆದರೆ ಕುಲುಕಾಟಕ್ಕೆ ಒಡೆದು ದಾರಿಯುದ್ದಕ್ಕೂ ಕಾಳು ಉದುರುತ್ತೆ, ಬೆಂಕಿ ತಗುಲಿದರೆ ಕರಗಿ ಹೊತ್ತಿಕೊಳ್ಳುತ್ತೆ, ಥಿನ್ನರ್ ಇರುವ ಬಣ್ಣ ಬಿದ್ದರೆ ಅಲ್ಲೇ ತೂತಾಗುತ್ತೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಬಗ್ಗೆಯಂತೂ ಮಾತೇ ಬೇಡ. ಅರ್ಧ ಸೆಂಟಿಮೀಟರ್ ಮೆತ್ತಿದರೂ ಒಂದು ಚದರ ಮೀಟರಿಗೆ ಐದಾರು ಕೆಜಿ, ಆನೆಯ ಮೈಗೆಲ್ಲ ಸೇರಿದರೆ ಹೋದ ವರ್ಷದ ಕೋಟೆಯೇ ವಾಪಸ್ ಬಂದ ಹಾಗೆ.

ಹಳೇ ಹತ್ತಿ ಬೆಡ್‌ಶೀಟು ಸಾಕು. ಮರಗೆಲಸದ ಬಿಳಿ ಅಂಟಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ, ಹಿಂಡಿ, ದಬ್ಬೆಗಳ ಮೇಲೆ ಹೊದಿಸಿ ಅಂಚನ್ನು ಒಳಕ್ಕೆ ಮಡಚಿ ಅಂಟಿಸಿ. ಮೊಳದುದ್ದದ ತುಂಡುಗಳಾಗಿ ಹಾಕಿ, ಒಂದರ ಮೇಲೊಂದು ಎರಡು ಬೆರಳಷ್ಟು ಏರಲಿ. ಇಡೀ ಬೆಡ್‌ಶೀಟನ್ನು ಒಂದೇ ಸಲ ಹೊದಿಸಿದರೆ ತಲೆ, ಬೆನ್ನು ಸೇರುವ ಕಡೆ ಸುಕ್ಕುಗಟ್ಟುತ್ತೆ. ಒಣಗಿದಾಗ ಬಟ್ಟೆ ಬಿಗಿದು, ಬೆರಳಲ್ಲಿ ತಟ್ಟಿದರೆ ಡಬ್ ಅನ್ನಬೇಕು. ಒಣಗುವ ಮುಂಚೆ ಬಣ್ಣ ಹಚ್ಚಿದರೆ ಒಳಗಿನ ತೇವ ಹೊರಬರದೆ ಮುಗ್ಗಲು ವಾಸನೆ ಹಿಡಿಯುತ್ತೆ, ಬಟ್ಟೆಯೂ ಜೋತುಬೀಳುತ್ತೆ. ಮೈದಾ ಅಂಟಿನಲ್ಲಿ ಪೇಪರ್ ಪದರ ಹಾಕುವುದೂ ಚೆನ್ನಾಗಿಯೇ ಬರುತ್ತೆ, ಖರ್ಚೂ ಕಮ್ಮಿ. ಆದರೆ ಮಳೆ ಹನಿ ಬಿದ್ದರೆ ಮೆತ್ತಗಾಗುತ್ತೆ, ಇಲಿ ಇರುವ ಕೋಣೆಯಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಆನೆಗೆ ತೂತು. ತಲೆಗೆ, ಹಣೆಯ ಉಬ್ಬಿಗೆ ಮಾತ್ರ ಪೇಪರ್ ಮಾಡಿ, ಅಲ್ಲಿ ಬಟ್ಟೆಗಿಂತ ನಯವಾದ ಆಕಾರ ಬರುತ್ತೆ.

ಗಾಳಿ ವಿಷಯ ಇಲ್ಲಿ ಮತ್ತೆ ಬರುತ್ತೆ. ಮೈಗೆಲ್ಲ ಬಟ್ಟೆ ಹೊದಿಸಲೇಬೇಕು ಅಂತಿಲ್ಲ. ನೀರಿನ ಗೆರೆಯಿಂದ ಮೇಲಕ್ಕೆ ಒಂದು ಅಡಿ ಎತ್ತರದ ಪಟ್ಟಿಗೆ, ಅಂದರೆ ಹೊಟ್ಟೆಯ ಕೆಳಭಾಗಕ್ಕೆ, ನರ್ಸರಿಯಲ್ಲಿ ನೆರಳಿಗೆ ಕಟ್ಟುವ ಬಲೆಯನ್ನು ಕಟ್ಟಿ ಅದೇ ಬೂದು ಬಣ್ಣ ಸಿಂಪಡಿಸಿ. ಹತ್ತು ಹೆಜ್ಜೆ ದೂರದಿಂದ ಬಟ್ಟೆಗೂ ಬಲೆಗೂ ವ್ಯತ್ಯಾಸ ಕಾಣಲ್ಲ, ಗಾಳಿ ಮಾತ್ರ ಸ್ವಲ್ಪವಾದರೂ ತೂರಿ ಹೋಗುತ್ತೆ. ಹಿಂಬದಿಯನ್ನೂ ಪೂರ್ತಿ ಮುಚ್ಚಬೇಡಿ, ಬಾಲದ ಕೆಳಗೆ ತೆರೆದಿರಲಿ. ಎದುರು ಗಾಳಿ ಬಂದಾಗ ಒಳಗೆ ಸೇರಿದ ಗಾಳಿಗೆ ಹೊರಗೆ ಹೋಗಲು ದಾರಿ ಬೇಕು.

ಕಿವಿಯೇ ಗಾಳಿಗೆ ಮುಖ್ಯ ಆಹಾರ. ಎರಡಡಿ ಅಗಲದ ಕಿವಿಯನ್ನು ಗಟ್ಟಿ ರಟ್ಟಿನಲ್ಲಿ ಮಾಡಿ ನಿಲ್ಲಿಸಿದರೆ ಅದು ತಲೆಯನ್ನೇ ತಿರುಚುತ್ತೆ. ತೆಳು ಬೆತ್ತದ ಅಂಚಿಗೆ ಬಟ್ಟೆ ಹೊಲಿದು, ಮೇಲಂಚು ಮಾತ್ರ ತಲೆಗೆ ಕಟ್ಟಿ, ಕೆಳಗೆ ಬಿಟ್ಟುಬಿಡಿ. ಬೀಸು ಬಂದಾಗ ಕಿವಿ ಎದ್ದು ಗಾಳಿಯನ್ನು ದಾಟಿಸುತ್ತೆ. ಗಾಡಿ ಕುಲುಕಿದಾಗಲೂ ಕಿವಿ ಬೀಸುತ್ತೆ, ಮಕ್ಕಳು ಅದಕ್ಕೇ ಕೇಕೆ ಹಾಕುತ್ತಾರೆ.

ಸೊಂಡಿಲಿಗೆ ಒಂದು ಬೆತ್ತ ಅಥವಾ ಎರಡು ತೆಳು ದಬ್ಬೆಯನ್ನು ಒಟ್ಟಿಗೆ ಬಾಗಿಸಿ ಬೆನ್ನೆಲುಬು ಮಾಡಿಕೊಳ್ಳಿ, ದೊಡ್ಡದರಿಂದ ಚಿಕ್ಕದಕ್ಕೆ ಏಳೆಂಟು ಬಳೆ ಮಾಡಿ ಅದಕ್ಕೆ ಪೋಣಿಸಿ ಬಟ್ಟೆ ಸುತ್ತಿ. ತಲೆಯ ಹೊರಮೈಗೆ ಸುಮ್ನೆ ಅಂಟಿಸಿದರೆ ನಾಲ್ಕು ಗುಂಡಿ ದಾಟುವಷ್ಟರಲ್ಲಿ ಸೊಂಡಿಲು ಕೈಗೆ ಬರುತ್ತೆ. ಬೆನ್ನೆಲುಬಿನ ಬುಡ ತಲೆಯೊಳಗೆ ಹೋಗಿ, ಅಲ್ಲಿಂದ ಒಂದೂವರೆ ಅಡಿ ಹಿಂದಕ್ಕೆ ಸಾಗಿ ಭುಜದ ಅಡ್ಡಗಳಕ್ಕೆ ಎರಡು ಕಡೆ ಕಟ್ಟಿರಬೇಕು. ಹೊರಗೆ ಎಷ್ಟು ಚಾಚಿದೆಯೋ ಸುಮಾರು ಅದರ ಅರ್ಧದಷ್ಟಾದರೂ ಒಳಗೆ ಇರಲಿ. ಗಾಡಿಯ ಮುಂದಂಚಿನಿಂದ ಒಂದಡಿಗಿಂತ ಹೊರಗೆ ಚಾಚಬೇಡಿ, ಮುಂದಿನ ಗುಂಪು ತಟ್ಟನೆ ನಿಂತರೆ ಯಾರದೋ ತಲೆಗೆ ತಾಗುತ್ತೆ. ಮತ್ತೆ, ಸೊಂಡಿಲೂ ತಲೆಯೂ ಬಿಚ್ಚಿ ತೆಗೆಯುವ ಹಾಗಿರಲಿ. ಕಟ್ಟುವ ಕೋಣೆಯ ಬಾಗಿಲನ್ನು ಯಾರೂ ಅಳೆಯುವುದಿಲ್ಲ. ಮೆರವಣಿಗೆಯ ಬೆಳಗ್ಗೆ ಆನೆ ಹೊರಗೆ ಬರಲ್ಲ ಅಂತ ಗೊತ್ತಾಗುತ್ತೆ.

ಈಗ ಕೆಳಗಿನ ಭಾರ. 20 ಲೀಟರಿನ ಎರಡು ನೀರಿನ ಕ್ಯಾನು ಅತ್ಯುತ್ತಮ. ಒಂದೊಂದು 20 ಕೆಜಿ, ಬೇಕಾದಾಗ ಖಾಲಿ ಮಾಡಬಹುದು, ಏನಾದರೂ ಕಿಡಿ ತಗುಲಿದರೆ ಕೈಗೆ ನೀರೂ ಸಿಗುತ್ತೆ. ಹಲಗೆಯ ಮೇಲಿಡಬೇಡಿ, ಹಲಗೆಯ ಕೆಳಗೆ ಎರಡು ಅಚ್ಚಿನ ಹತ್ತಿರ, ಮುಂದೊಂದು ಹಿಂದೊಂದು, ಅಡ್ಡಪಟ್ಟಿ ಕೊಟ್ಟು ಅದರ ಮೇಲೆ ಕೂರಿಸಿ ಬಿಗಿಯಾಗಿ ಕಟ್ಟಿ. ಬಾಯಿವರೆಗೂ ತುಂಬಿಸಿ. ಅರ್ಧ ತುಂಬಿದ ಕ್ಯಾನಿನಲ್ಲಿ ನೀರು ತಿರುವಿನಲ್ಲಿ ಒಂದೇ ಬದಿಗೆ ನುಗ್ಗುತ್ತೆ, ಆಗ ಭಾರ ನಿಮ್ಮ ವಿರುದ್ಧವೇ ಕೆಲಸ ಮಾಡುತ್ತೆ. ಮರಳಿನ ಚೀಲವೂ ಆದೀತು. ಭಾರ ಹೆಚ್ಚಿದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಒಟ್ಟು 115 ಕೆಜಿ ಗಾಡಿ ಸಮತಟ್ಟಾದ ರಸ್ತೆಯಲ್ಲಿ ಒಂದು ಕೈಯಲ್ಲಿ ತಳ್ಳಿದರೂ ಹೋಗುತ್ತೆ. 20 ಅಡಿಗೆ 1 ಅಡಿ ಏರುವ ದಿಣ್ಣೆಯಲ್ಲಿ ಆರು ಕೆಜಿಯಷ್ಟು ಬಲ ಜಾಸ್ತಿ ಬೇಕು, ಇಳಿಜಾರಿನಲ್ಲಿ ಅಷ್ಟೇ ಬಲದಲ್ಲಿ ಅದು ನಿಮ್ಮನ್ನು ಎಳೆಯುತ್ತೆ. ತಳ್ಳುಗಾಡಿಗೆ ಬ್ರೇಕ್ ಇಲ್ಲ ಅಲ್ವಾ. ಹಿಂಬದಿಯ ಅಚ್ಚಿಗೆ 10 ಅಡಿ ಉದ್ದದ ಎರಡು ಹಗ್ಗ ಕಟ್ಟಿ, ಇಬ್ಬರು ದೊಡ್ಡವರು ಇಳಿಜಾರಿನಲ್ಲಿ ಹಿಂದಕ್ಕೆ ಹಿಡಿದುಕೊಂಡೇ ಬರಲಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ನಿಂತಾಗ ಗಾಲಿಗೆ ಕೊಡಲು ಎರಡು ಮರದ ತುಂಡು ಗಾಡಿಯಲ್ಲೇ ನೇತುಹಾಕಿರಿ.

ಮಕ್ಕಳನ್ನು ಗಾಡಿ ಮೇಲೆ ಕೂರಿಸುತ್ತೀರಾ ಅಂತ ಹೆಡ್‌ಮಾಸ್ಟರ್ ಕೇಳೇ ಕೇಳುತ್ತಾರೆ. ಬೇಡ ಅನ್ನಿ. 30 ಕೆಜಿಯ ಒಂದು ಮಗು ಅಂದ್ರೆ ಇಡೀ ಆನೆಗಿಂತ ಜಾಸ್ತಿ ತೂಕ, ಅದೂ ಮೇಲ್ಗಡೆ, ಅದೂ ಅಲುಗಾಡುವ ತೂಕ. ಯಾರೋ ಕರೆದರು ಅಂತ ಒಂದು ಬದಿಗೆ ಬಗ್ಗಿದರೆ ಸಾಕು. ಮಕ್ಕಳು ಮೀನು, ಆಮೆ, ಕೊಕ್ಕರೆಯಾಗಿ ಗಾಡಿಯ ಸುತ್ತ ನಡೆದು ಬರಲಿ. ನೀಲಿ ಬಟ್ಟೆಯ ಉದ್ದ ಪಟ್ಟಿಯನ್ನು ಎರಡು ಕಡೆ ಹಿಡಿದು ಅಲೆಯಾಡಿಸಲಿ. ಆರಡಿ ಗಾಡಿಯ ಹೊಳೆ ರಸ್ತೆಯಗಲ ಹರಡುತ್ತೆ. ಗಾಡಿಗೆ ಸುತ್ತಲೂ ಇಳಿಬಿಡುವ ಬಟ್ಟೆ ಮಾತ್ರ ನೆಲದಿಂದ ಗೇಣು ಎತ್ತರದಲ್ಲೇ ನಿಲ್ಲಬೇಕು, ಗಾಲಿಗಳ ಮುಂದೆ ಸೀಳಿರಬೇಕು. ಗಾಲಿಗೆ ಬಟ್ಟೆ ಸುತ್ತಿಕೊಂಡರೆ ಗಾಡಿ ಅಲ್ಲೇ ಗಕ್ಕನೆ ನಿಂತು ಆನೆ ಮುಂದಕ್ಕೆ ಮುಗ್ಗರಿಸುತ್ತೆ.

ಎಲ್ಲ ಮುಗಿದ ಮೇಲೆ ಎರಡು ಪರೀಕ್ಷೆ. ಒಂದು, ಎಡಬದಿಯ ಎರಡು ಗಾಲಿಗಳ ಕೆಳಗೂ 6 ಇಂಚು ಎತ್ತರದ ಮರದ ದಿಮ್ಮಿ ಕೊಟ್ಟು ಗಾಡಿಯನ್ನು ನಿಲ್ಲಿಸಿ, ಬಲಬದಿಯಲ್ಲಿ ಇಬ್ಬರು ದೊಡ್ಡವರು ಕೈ ಅಡ್ಡ ಇಟ್ಟುಕೊಂಡಿರಲಿ. ಆನೆಯನ್ನು ಮೆಲ್ಲಗೆ ತಳ್ಳಿ ನೋಡಿ. ಕಟ್ಟುಗಳು ಸರಿದರೆ ಇಲ್ಲೇ ಗೊತ್ತಾಗುತ್ತೆ. ಇನ್ನೊಂದು, ಗಾಡಿಯನ್ನು ಸಮನಾಗಿ ನಿಲ್ಲಿಸಿ, ಗಾಲಿ ಜಾರದಂತೆ ಪಕ್ಕಕ್ಕೆ ಅಡ್ಡ ಕೊಟ್ಟು, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಭುಜದ ಕಂಬಗಳಿಗೆ ಹಗ್ಗ ಹಾಕಿ, ಹಗ್ಗದ ತುದಿಗೆ ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಪಕ್ಕಕ್ಕೆ ನಿಧಾನವಾಗಿ ಎಳೆಯಿರಿ. ಆಚೆ ಬದಿಯ ಗಾಲಿ ನೆಲ ಬಿಡುವ ಕ್ಷಣದಲ್ಲಿ ಮುಳ್ಳು ಎಷ್ಟು ತೋರಿಸುತ್ತೆ ನೋಡಿ. ನಮ್ಮ ಲೆಕ್ಕದ ಪ್ರಕಾರ 38ರ ಹತ್ತಿರ ಬರಬೇಕು. 25ಕ್ಕೇ ಗಾಲಿ ಎದ್ದರೆ ಕೆಳಗಿನ ಭಾರ ಸಾಲದು, ಅಥವಾ ನಿಮ್ಮ ಗಾಲಿಗಳ ನಡುವಿನ ಅಂತರ 3 ಅಡಿಗಿಂತ ಕಮ್ಮಿ ಇದೆ. ಆಗ ಮೊದಲು ಎತ್ತರ ಇಳಿಸಿ, ಆಮೇಲೆ ಭಾರ ಸೇರಿಸಿ.

ದಾರಿಯನ್ನು ಒಂದು ವಾರ ಮುಂಚೆಯೇ ನೋಡಿಕೊಳ್ಳಿ, ಬರೀ ಕಣ್ಣಲ್ಲಿ ಅಲ್ಲ. ಖಾಲಿ ಗಾಡಿಗೆ 7 ಅಡಿ ಎತ್ತರ ಬರುವಂತೆ ಒಂದು ಗಳ ಕಟ್ಟಿ, ಅಗಲಕ್ಕೂ ಒಂದು ಅಡ್ಡ ಕಟ್ಟಿ, ಗೇಟಿನಿಂದ ಹಿಡಿದು ಕೊನೆಯವರೆಗೆ ತಳ್ಳಿಕೊಂಡು ಹೋಗಿ. ಗೇಟು, ಕಮಾನು, ಕೊಂಬೆ, ಜೋತುಬಿದ್ದ ಕೇಬಲ್ಲು ಎಲ್ಲ ಸಿಗುತ್ತೆ. ವಿದ್ಯುತ್ ತಂತಿ ಇದ್ದರೆ ಅದರಿಂದ ದೂರ ಇರುವ ದಾರಿ ಹುಡುಕಿ, ಇಲ್ಲ ಅಲ್ಲಿಗೆ ಬಂದಾಗ ಸೊಂಡಿಲು ಬಿಚ್ಚಿ. ಕೋಲಲ್ಲಿ ತಂತಿ ಎತ್ತಿ ಗಾಡಿ ದಾಟಿಸುವ ಸಾಹಸ ಯಾರೂ ಮಾಡಬಾರದು, ಒದ್ದೆ ಬಿದಿರಿನಲ್ಲಿ ಕರೆಂಟು ಹರಿಯುತ್ತೆ.

ಆ ದಿನ ತಳ್ಳಲು ಇಬ್ಬರು, ಹಗ್ಗಕ್ಕೆ ಇಬ್ಬರು, ಮುಂದೆ ಒಬ್ಬರು. ತಳ್ಳುವವರಿಗೆ ಆನೆಯ ಹಿಂಬದಿ ಬಿಟ್ಟು ಬೇರೇನೂ ಕಾಣಲ್ಲ, ಹಾಗಾಗಿ ಮುಂದಿರುವವರು ಕಲ್ಲು, ಗುಂಡಿ ನೋಡಿ ಕೂಗಿ ಹೇಳಬೇಕು. ಹೊರಟ ಹತ್ತು ನಿಮಿಷಕ್ಕೆ ಒಮ್ಮೆ ನಿಲ್ಲಿಸಿ ತಳಪಾಯದ ಆರೂ ಕಟ್ಟು ಮುಟ್ಟಿ ನೋಡಿ. ಹಗ್ಗ ಸಡಿಲವಾಗುವುದು ಮೊದಲ ಕುಲುಕಾಟದಲ್ಲೇ, ಒಮ್ಮೆ ಬಿಗಿದರೆ ಆಮೇಲೆ ಹೆಚ್ಚು ತೊಂದರೆ ಕೊಡಲ್ಲ. ಒಂದು ಚೀಲದಲ್ಲಿ ಹುರಿ, ಕತ್ತರಿ, ಟ್ಯೂಬಿನ ಪಟ್ಟಿ, ನಾಲ್ಕು ತುಂಡು ದಬ್ಬೆ ಇರಲಿ. ಟೇಪ್ ನಂಬಿಕೊಂಡು ಹೋಗಬೇಡಿ, ಧೂಳಿನ ಮೇಲೆ ಅಂಟಲ್ಲ.

ಗಾಳಿ ಎದ್ದರೆ ಏನು ಮಾಡಬೇಕು ಅಂತ ತಳ್ಳುವವರಿಗೆ ಮುಂಚೆಯೇ ಹೇಳಿಕೊಟ್ಟಿರಿ. ಸಾಲು ಬಿಟ್ಟು ಪಕ್ಕಕ್ಕೆ ಸರಿದು, ಆನೆಯ ಮೂತಿಯನ್ನು ಗಾಳಿ ಬರುವ ದಿಕ್ಕಿಗೇ ತಿರುಗಿಸಿ ನಿಲ್ಲಿಸಬೇಕು. ಆಗ ಗಾಳಿಗೆ ಸಿಗುವುದು ಮೂರಡಿ ಅಗಲದ ಮುಖ ಮಾತ್ರ. ಗಾಡಿ ಉದ್ದಕ್ಕೆ ಅಗಲಕ್ಕಿಂತ ಚೆನ್ನಾಗಿ ಕಾಲೂರಿರುವುದರಿಂದ ಹಿಂದಕ್ಕೆ ಮಗುಚುವುದೂ ಕಷ್ಟ. ಗಾಲಿಗೆ ಮರದ ತುಂಡು ಕೊಡಿ, ಕಿವಿಗಳನ್ನು ಬಿಚ್ಚಿ ಹಲಗೆ ಮೇಲೆ ಹಾಕಿ, ಮಕ್ಕಳನ್ನು ಗಾಡಿಯಿಂದ ಹತ್ತು ಹೆಜ್ಜೆ ದೂರ ನಿಲ್ಲಿಸಿ. ಗಾಳಿ ಇಳಿದ ಮೇಲೆ ಕಿವಿ ಕಟ್ಟಿಕೊಂಡು ಸಾಲಿನ ಕೊನೆಗೆ ಸೇರಿಕೊಳ್ಳಿ.